ದಾನಿಯೋ, ಸ್ಪಾನ್ಸರೋ? ದೇವಸ್ಥಾನದ ಚಾನೆಲ್‌ನಲ್ಲಿ ಹಣದ ಮಾತು ಹೇಳುವ ಬಗೆ

ತೇರಿನ ದಿನದ ವಿಡಿಯೋ. ಪರದೆಯ ಕೆಳಗೆ ಒಂದು ಪಟ್ಟಿ ಓಡುತ್ತಿದೆ. ಅನ್ನದಾನಕ್ಕೆ ಕೊಟ್ಟವರ ಹೆಸರುಗಳು, ನಡುವೆ ಒಂದು ದೀಪದೆಣ್ಣೆ ಕಂಪನಿಯ ಹೆಸರು, ಕೊನೆಗೊಂದು ಕ್ಯೂಆರ್ ಕೋಡ್. ಎಲ್ಲಕ್ಕೂ ತಲೆಬರಹ ಒಂದೇ: ‘ಸೇವಾಕರ್ತರು’. ಇದರಲ್ಲಿ ಭಕ್ತಿಯಿಂದ ಕೊಟ್ಟವರು ಯಾರು, ಪ್ರಚಾರಕ್ಕೆ ಕೊಟ್ಟವರು ಯಾರು, ಆ ಕೋಡ್‌ಗೆ ನಾವು ಹಾಕುವ ದುಡ್ಡು ಎಲ್ಲಿಗೆ ಹೋಗುತ್ತೆ? ನೋಡುವವರಿಗೆ ಯಾವುದೂ ಗೊತ್ತಾಗುವುದಿಲ್ಲ.

ನಾನು ಕೆಲವು ವರ್ಷ ಒಂದು ಟ್ರಸ್ಟಿನ ಚಾನೆಲ್ ನೋಡಿಕೊಂಡವನು. ಇಂಥ ಪಟ್ಟಿಯನ್ನು ನಾನೂ ಓಡಿಸಿದ್ದೇನೆ. ಮೋಸ ಮಾಡಬೇಕು ಅಂತ ಅಲ್ಲ, ಸುಮ್ನೆ ಹಾಗೇ ನಡೆದುಕೊಂಡು ಬಂದಿತ್ತು. ಎಲ್ಲಿ ತಪ್ಪುತ್ತಿದ್ದೆವು ಅಂತ ಆಮೇಲೆ ಗೊತ್ತಾಯಿತು.

ಒಂದು ಉದಾಹರಣೆ ಹಿಡಿದು ಹೋಗೋಣ. ನಿಮ್ಮ ಟ್ರಸ್ಟ್ ತೇರು ಮತ್ತು ಅನ್ನಸಂತರ್ಪಣೆಯ 40 ನಿಮಿಷದ ವಿಡಿಯೋ ಮಾಡುತ್ತಿದೆ. ದೀಪದೆಣ್ಣೆ ಕಂಪನಿ 60,000 ರೂಪಾಯಿ ಕೊಟ್ಟಿದೆ, ಅರ್ಚಕರ ಬಾಯಲ್ಲಿ ತನ್ನ ಎಣ್ಣೆಯ ಬಗ್ಗೆ 45 ಸೆಕೆಂಡು ಮಾತು ಬರಬೇಕು ಅಂದಿದೆ. ನಿವೃತ್ತ ಮೇಷ್ಟ್ರೊಬ್ಬರು ತಂದೆಯ ನೆನಪಿಗೆ 1 ಲಕ್ಷ ಕೊಟ್ಟಿದ್ದಾರೆ. ಅಕ್ಕಿ ವ್ಯಾಪಾರಿಯೊಬ್ಬರು 25 ಚೀಲ ಅಕ್ಕಿ ಕಳಿಸಿದ್ದಾರೆ, ಅಂಗಡಿ ಬ್ಯಾನರ್ ಕಟ್ಟಿದ ಲಾರಿ ಚೆನ್ನಾಗಿ ಕಾಣಲಿ ಎಂದಿದ್ದಾರೆ. ಇದರ ಜೊತೆಗೆ ಅಡುಗೆ ಮನೆಗೆ ಸ್ಟೀಮ್ ಬಾಯ್ಲರ್ ಬೇಕು, ಅದಕ್ಕೆ 4,80,000 ರೂಪಾಯಿ ಜನರಿಂದ ಕೇಳಬೇಕು.

ಮೊದಲ ಕೆಲಸ: ಕ್ಯಾಮೆರಾ ತೆಗೆಯುವ ಮುಂಚೆ ಹಣವನ್ನು ಮೂರು ಗುಂಪು ಮಾಡಿ

ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಹಾಕಿ. ಕೊಟ್ಟವರು ಏನೂ ವಾಪಸ್ ಕೇಳದಿದ್ದರೆ ದಾನ. ಏನಾದರೂ ಕೇಳಿದ್ದರೆ ಸ್ಪಾನ್ಸರ್. ಇನ್ನು ಮೇಲೆ ಜನರಿಂದ ಬರಬೇಕಾದದ್ದು ದೇಣಿಗೆ ಮನವಿ. ಮೂರನೆಯದು ಸುಲಭ. ಗೊಂದಲ ಇರುವುದು ಮೊದಲೆರಡರ ನಡುವೆ.

ಇಲ್ಲಿ ಒಂದು ಸರ್ಕಾರಿ ಸುತ್ತೋಲೆ ಬಹಳ ಉಪಯೋಗಕ್ಕೆ ಬರುತ್ತದೆ. 2019ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿಯವರು ಹೊರಡಿಸಿದ್ದು, ಸಂಖ್ಯೆ 116. ಧಾರ್ಮಿಕ ಅಥವಾ ಧರ್ಮಾರ್ಥ ಸಂಸ್ಥೆಗೆ ದಾನ ಕೊಟ್ಟವರ ಹೆಸರು ಹಾಕಿದರೆ ತೆರಿಗೆ ಬರುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಉತ್ತರ ಹೀಗಿದೆ: ಕೃತಜ್ಞತೆಗೆ ಹೆಸರು ಹಾಕಿದ್ದು, ದಾನಿಯ ವ್ಯಾಪಾರಕ್ಕೆ ಪ್ರಚಾರ ಸಿಗದಂತಿದ್ದರೆ ಅದು ದಾನವೇ, ಜಿಎಸ್‌ಟಿ ಇಲ್ಲ. ತಂದೆಯ ನೆನಪಿಗೆ ಇಂಥವರು ಕೊಟ್ಟದ್ದು ಎಂದು ಕೋಣೆಯ ಮೇಲೆ ಬರೆಯುವುದನ್ನೇ ಅದರಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ಅದು ತೆರಿಗೆಗಾಗಿ ಎಳೆದ ಗೆರೆ. ಆದರೂ ವಿಡಿಯೋದ ಪ್ರಾಮಾಣಿಕತೆಗೂ ಅದೇ ಗೆರೆ ಸಾಕು ಅಂತ ನನ್ನ ಅನಿಸಿಕೆ.

ಈಗ ನಮ್ಮ ಮೂವರನ್ನು ಅದರ ಮೇಲೆ ಇಟ್ಟು ನೋಡಿ. ಮೇಷ್ಟ್ರು ದಾನಿ, ಅನುಮಾನವೇ ಇಲ್ಲ. ಎಣ್ಣೆ ಕಂಪನಿ ಸ್ಪಾನ್ಸರ್, ಅದರಲ್ಲೂ ಅನುಮಾನ ಇಲ್ಲ. ಅಕ್ಕಿ ವ್ಯಾಪಾರಿ? ದುಡ್ಡು ಕೊಟ್ಟಿಲ್ಲ, ಅಕ್ಕಿ ಕೊಟ್ಟಿದ್ದಾರೆ. ಭಕ್ತಿಯೂ ಇದೆ. ಆದರೆ ಬ್ಯಾನರ್ ಕಾಣಬೇಕು ಎಂದು ಕೇಳಿದ್ದಾರೆ. ಬ್ಯಾನರ್‌ನಲ್ಲಿ ಅಂಗಡಿಯ ಹೆಸರು, ಬ್ರ್ಯಾಂಡು, ಫೋನ್ ನಂಬರ್ ಇದ್ದರೆ ಅವರು ಸ್ಪಾನ್ಸರ್. ವಸ್ತು ರೂಪದಲ್ಲಿ ಬಂದಿದೆ ಎಂಬ ಕಾರಣಕ್ಕೆ ದಾನ ಆಗಿಬಿಡುವುದಿಲ್ಲ.

ಇದನ್ನು ಅವರಿಗೆ ಹೇಳುವುದು ಸ್ವಲ್ಪ ಇರುಸುಮುರುಸಿನ ಕೆಲಸ. ನಾನು ಹೀಗೆ ಕೇಳುತ್ತಿದ್ದೆ: “ಯಜಮಾನರೇ, ನಿಮ್ಮ ಮತ್ತು ಮನೆಯವರ ಹೆಸರಲ್ಲಿ ಸೇವೆ ಅಂತ ಹಾಕೋಣವೋ, ಅಂಗಡಿ ಹೆಸರಲ್ಲಿ ಪ್ರಾಯೋಜಕರು ಅಂತ ಹಾಕೋಣವೋ? ಎರಡೂ ಆಗುತ್ತೆ, ನೀವೇ ಹೇಳಿ.” ಇಷ್ಟು ಕೇಳಿದರೆ ಅರ್ಧಕ್ಕರ್ಧ ಜನ ಮನೆಯವರ ಹೆಸರೇ ಸಾಕು ಎನ್ನುತ್ತಾರೆ. ಬ್ಯಾನರ್ ತಾನಾಗಿ ಕೆಳಗಿಳಿಯುತ್ತದೆ.

ಇನ್ನೊಂದು ವಿಷಯವನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಿ. ಸ್ಪಾನ್ಸರ್‌ಗೂ ಟ್ರಸ್ಟಿಗೂ ನಂಟು ಇದೆಯಾ? ಎಣ್ಣೆ ಕಂಪನಿ ಖಜಾಂಚಿಯ ಭಾವನದ್ದಾಗಿದ್ದರೆ ಅದನ್ನೂ ಹೇಳಬೇಕು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲಿ ಹೊರಡಿಸಿದ ಕೈಪಿಡಿ ಹಣ, ಉಚಿತ ವಸ್ತು ಮಾತ್ರವಲ್ಲ, ಮನೆಯವರ ಸಂಬಂಧವನ್ನೂ ಹೇಳಲೇಬೇಕಾದ ನಂಟು ಎಂದು ಎಣಿಸುತ್ತದೆ.

ಎರಡನೆಯದು: ಸ್ಪಾನ್ಸರ್ ಮಾತನ್ನು ಯಾವಾಗ, ಹೇಗೆ ಹೇಳಬೇಕು

ಜಾಸ್ತಿ ಚಾನೆಲ್‌ಗಳು ಮಾಡುವ ತಪ್ಪು ಏನೆಂದರೆ, ಡಿಸ್ಕ್ರಿಪ್ಷನ್ ತಳದಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಳ್ಳುವುದು. ಅದನ್ನು ಯಾರೂ ತೆರೆದು ಓದುವುದಿಲ್ಲ. ಟಿವಿಯಲ್ಲಿ ಹಾಕಿಕೊಂಡು ನೋಡುವ ಅಜ್ಜಿಗೆ ಡಿಸ್ಕ್ರಿಪ್ಷನ್ ಇದೆ ಎಂಬುದೇ ಗೊತ್ತಿರುವುದಿಲ್ಲ. ಅದಕ್ಕೇ ಇಲಾಖೆಯ ಕೈಪಿಡಿ ವಿಡಿಯೋದಲ್ಲಿ ಮಾತಿನಲ್ಲೂ ಹೇಳಬೇಕು, ಪರದೆಯ ಮೇಲೂ ತೋರಿಸಬೇಕು ಎನ್ನುತ್ತದೆ.

ಎಷ್ಟು ಹೊತ್ತು ತೋರಿಸಬೇಕು? ಜಾಹೀರಾತು ಮಾನದಂಡ ಮಂಡಳಿ, ಅಂದರೆ ಎಎಸ್‌ಸಿಐ, 2021ರ ನಿಯಮದಲ್ಲಿ ಅಳತೆ ಕೊಟ್ಟಿದೆ. ಎರಡು ನಿಮಿಷಕ್ಕಿಂತ ಉದ್ದದ ವಿಡಿಯೋದಲ್ಲಿ ಆ ಸರಕಿನ ಮಾತು ನಡೆಯುವಷ್ಟು ಹೊತ್ತೂ ಪಟ್ಟಿ ಇರಬೇಕು. ಹದಿನೈದು ಸೆಕೆಂಡಿನ ತುಣುಕಾದರೆ ಕನಿಷ್ಠ ಮೂರು ಸೆಕೆಂಡು. ಇವೆರಡರ ನಡುವಿನದಕ್ಕೆ ವಿಡಿಯೋದ ಮೂರನೇ ಒಂದು ಭಾಗ. ನಮ್ಮದು 40 ನಿಮಿಷದ್ದು, ಆದ್ದರಿಂದ ಎಣ್ಣೆಯ ಮಾತು ನಡೆಯುವ 45 ಸೆಕೆಂಡು ಪೂರ್ತಿ ‘ಜಾಹೀರಾತು’ ಎಂದು ಪರದೆಯ ಮೇಲೆ ಇರಬೇಕು. ಎರಡು ಸೆಕೆಂಡು ಮಿಂಚಿಸಿ ತೆಗೆದರೆ ಆಗದು.

ಪದ ಆರಿಸುವಾಗ ಹುಷಾರು. ‘ಜಾಹೀರಾತು’, ‘ಪ್ರಾಯೋಜಿತ’ ಎಲ್ಲರಿಗೂ ಅರ್ಥವಾಗುತ್ತವೆ. ‘ಸೇವಾಕರ್ತರು’, ‘ಸಹಕಾರ’, ‘ಕೃಪಾಪೋಷಿತ’ ಅಂದರೆ ನೋಡುವವರು ದಾನ ಎಂದೇ ತಿಳಿಯುತ್ತಾರೆ. ವಿಡಿಯೋ ಕನ್ನಡದಲ್ಲಿದ್ದರೆ ಪಟ್ಟಿಯೂ ಕನ್ನಡದಲ್ಲಿರಲಿ. ದೊಡ್ಡ ಅಕ್ಷರ, ಹಿಂದೆ ಗಾಢ ಬಣ್ಣ. ಹೂವಿನ ಅಲಂಕಾರದ ಮೇಲೆ ಹಳದಿ ಅಕ್ಷರ ಹಾಕಿದರೆ ಕಾಣುವುದೇ ಇಲ್ಲ, ಅನುಭವದಿಂದ ಹೇಳುತ್ತಿದ್ದೇನೆ.

ಇನ್ನು ಅರ್ಚಕರ ಮಾತು. ಕಂಪನಿ ಕಳಿಸಿದ ಸಾಲು ಹೀಗಿತ್ತು ಅಂದುಕೊಳ್ಳಿ: “ದೇವರ ದೀಪಕ್ಕೆ ನಾವು ಬಳಸುವುದು ಇದೇ ಎಣ್ಣೆ. ಇದರಿಂದ ಹಚ್ಚಿದರೆ ಮನೆಗೆ ಶ್ರೇಯಸ್ಸು.” ಇದರಲ್ಲಿ ಎರಡು ತೊಂದರೆ ಇದೆ. ಗರ್ಭಗುಡಿಯಲ್ಲಿ ನಿಜವಾಗಿ ಆ ಎಣ್ಣೆಯನ್ನೇ ಹಾಕುತ್ತಾರಾ? ಇಲ್ಲದಿದ್ದರೆ ಆ ಮಾತು ಸುಳ್ಳು. ಶ್ರೇಯಸ್ಸಿನ ಮಾತನ್ನಂತೂ ಯಾರೂ ಸಾಬೀತು ಮಾಡಲಾರರು, ಆದರೆ ಮಡಿ ಉಟ್ಟು ನಿಂತವರು ಹೇಳಿದರೆ ಜನ ನಂಬುತ್ತಾರೆ. ನಾನಾಗಿದ್ದರೆ ಅರ್ಚಕರಿಂದ ಈ ಮಾತು ಹೇಳಿಸುವುದೇ ಇಲ್ಲ. ನಿರೂಪಕರು ದೇವಸ್ಥಾನದ ಹೊರಗೆ ನಿಂತು ಹೇಳಲಿ:

“ಈ ವಿಡಿಯೋದ ಖರ್ಚಿಗೆ ಇಂಥ ದೀಪದೆಣ್ಣೆ ಕಂಪನಿ ನಮ್ಮ ಟ್ರಸ್ಟಿಗೆ ಹಣ ಕೊಟ್ಟಿದೆ. ಮುಂದಿನ ಮುಕ್ಕಾಲು ನಿಮಿಷ ಅವರ ಜಾಹೀರಾತು. ಎಣ್ಣೆಯ ಗುಣದ ಬಗ್ಗೆ ಟ್ರಸ್ಟು ಏನನ್ನೂ ಹೇಳುತ್ತಿಲ್ಲ.”

ಕಂಪನಿಯವರು ಮುಖ ಸಪ್ಪೆ ಮಾಡಬಹುದು. ಗ್ರಾಹಕ ರಕ್ಷಣಾ ಕಾಯ್ದೆ 2019ರಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ. ಸರಕಿನ ಪರ ಮಾತಾಡಿದವರಿಗೂ ಅದು ಬೀಳಬಹುದು, ಮತ್ತೆ ತಪ್ಪಿದರೆ 50 ಲಕ್ಷದವರೆಗೆ. ಇದನ್ನು ಹೇಳಿದರೆ ಸಾಮಾನ್ಯವಾಗಿ ಚರ್ಚೆ ನಿಲ್ಲುತ್ತದೆ.

ಅಪ್‌ಲೋಡ್ ಮಾಡುವಾಗ ಯೂಟ್ಯೂಬ್ ಸ್ಟುಡಿಯೋದಲ್ಲಿ Details ಪುಟದ ಕೆಳಗೆ Show more ಒತ್ತಿ. Paid promotion ಎಂಬ ಕಡೆ ಒಂದು ಚೌಕ ಇದೆ, ಅದಕ್ಕೆ ಟಿಕ್ ಹಾಕಿ. ಆಗ ವಿಡಿಯೋ ಶುರುವಾದಾಗ 10 ಸೆಕೆಂಡು Includes paid promotion ಎಂದು ಬರುತ್ತದೆ. ಇದು ಬೇಕು, ಆದರೆ ಇದೊಂದೇ ಸಾಲದು. ಮೊದಲ 10 ಸೆಕೆಂಡಿನಲ್ಲಿ ಬಂದು ಹೋದದ್ದು 22ನೇ ನಿಮಿಷದ ಎಣ್ಣೆಯ ಮಾತಿಗೆ ಸಂಬಂಧಿಸಿದ್ದು ಎಂದು ಯಾರಿಗೆ ಹೊಳೆಯುತ್ತೆ? ಬರೀ ದೇಣಿಗೆ ಮನವಿ ಇದ್ದು ಸ್ಪಾನ್ಸರ್ ಯಾರೂ ಇಲ್ಲದ ವಿಡಿಯೋಗೆ ಈ ಟಿಕ್ ಬೇಕಿಲ್ಲ.

ಲೈವ್ ಆದರೆ ಜನ ನಡುವೆ ಬರುತ್ತಾರೆ, ನಡುವೆ ಹೋಗುತ್ತಾರೆ. ಆರಂಭದಲ್ಲಿ ಒಮ್ಮೆ ಹೇಳಿದ್ದು ಅವರಿಗೆ ತಲುಪುವುದಿಲ್ಲ. ಅದಕ್ಕೆ ಸ್ಪಾನ್ಸರ್ ಪಟ್ಟಿ ಲೈವ್ ಉದ್ದಕ್ಕೂ ಮೂಲೆಯಲ್ಲಿ ಇರಲಿ. ದಾನಿಗಳ ಹೆಸರು ಬೇರೆ ಪಟ್ಟಿಯಲ್ಲಿ, ಬೇರೆ ಬಣ್ಣದಲ್ಲಿ, ಬೇರೆ ತಲೆಬರಹದಲ್ಲಿ ಓಡಲಿ. ಅವೆರಡನ್ನೂ ಒಂದೇ ದಾರದಲ್ಲಿ ಪೋಣಿಸಬೇಡಿ.

ಮೂರನೆಯದು: ದೇಣಿಗೆ ಕೇಳುವ ಮಾತು

ಇಲ್ಲಿ ನಮ್ಮದೇ ಒಂದು ಎಡವಟ್ಟು ಹೇಳಬೇಕು. ಗೋಶಾಲೆಗಾಗಿ ಒಂದು ವಿಡಿಯೋ ಮಾಡಿದ್ದೆವು. ಕಾಲು ಮುರಿದ ಒಂದು ಕರುವಿನ ದೃಶ್ಯ, ಹಿಂದೆ ಕೊಳಲಿನ ಸದ್ದು, ಪಕ್ಕದಲ್ಲಿ ಕ್ಯೂಆರ್ ಕೋಡ್. ಹಣ ಚೆನ್ನಾಗಿಯೇ ಬಂತು. ವಾರ ಕಳೆದ ಮೇಲೆ ಒಬ್ಬ ತಾಯಿ ಫೋನ್ ಮಾಡಿದರು. “ಅಣ್ಣಾ, ಆ ಕರು ಈಗ ಹೇಗಿದೆ? ಆಪರೇಷನ್ ಆಯ್ತಾ?” ನನಗೆ ಬಾಯಿ ಬರಲಿಲ್ಲ. ವಿಡಿಯೋ ಎಡಿಟ್ ಆಗುವಷ್ಟರಲ್ಲೇ ಕರು ಸತ್ತಿತ್ತು. ಬಂದ ಹಣ ಹುಲ್ಲಿಗೆ, ಹಿಂಡಿಗೆ ಹೋಗಿತ್ತು. ಹಣವನ್ನೇನೋ ಗೋಶಾಲೆಗೇ ಬಳಸಿದ್ದೆವು, ಆದರೆ ಆ ತಾಯಿ ಕೊಟ್ಟದ್ದು ಆ ಒಂದು ಕರುವಿಗೆ.

ಧರ್ಮಾರ್ಥ ಜಾಹೀರಾತುಗಳಿಗೆ ಎಎಸ್‌ಸಿಐ ಮಾಡಿರುವ ನಿಯಮ ಇದನ್ನೇ ಹಿಡಿಯುತ್ತದೆ. ಒಬ್ಬರ ಚಿತ್ರ ತೋರಿಸಿ ಎಲ್ಲರಿಗಾಗಿ ಹಣ ಕೇಳುವುದಾದರೆ, ಅದು ಅವರೊಬ್ಬರಿಗೇ ಹೋಗುವುದಿಲ್ಲ ಎಂದು ಹೇಳಬೇಕು. ಕೊಡದಿದ್ದವರನ್ನು ಚುಚ್ಚುವಂತೆ, ಕರ್ತವ್ಯ ಮರೆತವರು ಎನ್ನುವಂತೆ ಮಾತಾಡಬಾರದು ಎಂದೂ ಅದರಲ್ಲಿದೆ. “ಈ ವಿಡಿಯೋ ನೋಡಿಯೂ ಕೊಡದೆ ಹೋದರೆ…” ಎಂದು ಶುರುವಾಗುವ ಸಾಲುಗಳನ್ನು ಸ್ಕ್ರಿಪ್ಟ್‌ನಿಂದ ಹೊಡೆದು ಹಾಕಿ. “ಇನ್ನು ಮೂರೇ ದಿನ” ಎನ್ನುವುದೂ ಅಷ್ಟೇ. ಬಾಯ್ಲರ್ ಕಂಪನಿಗೆ ಮೂರು ದಿನದಲ್ಲಿ ಮುಂಗಡ ಕಟ್ಟಬೇಕಿದ್ದರೆ ಹೇಳಿ. ಸುಮ್ನೆ ಆತುರ ಹುಟ್ಟಿಸಲು ಹೇಳಬೇಡಿ.

ಬಾಯ್ಲರ್‌ಗೆ ಕೇಳುವ ಮಾತು ಹೀಗಿರಬಹುದು:

“ಅಡುಗೆ ಮನೆಗೆ ಸ್ಟೀಮ್ ಬಾಯ್ಲರ್ ಹಾಕಿಸಬೇಕು. ಕೂರಿಸುವ ಖರ್ಚು ಸೇರಿ 4,80,000 ರೂಪಾಯಿ ಎಂದು ಕೊಟೇಷನ್ ಬಂದಿದೆ. ಈ ತಿಂಗಳ ಕೊನೆಯವರೆಗೆ ದೇಣಿಗೆ ತಗೋತೇವೆ. ಜಾಸ್ತಿ ಬಂದರೆ ಉಳಿದದ್ದು ಅನ್ನದಾನದ ದಿನಸಿಗೆ ಹೋಗುತ್ತೆ. ಕಮ್ಮಿ ಬಂದರೆ ಮಿಕ್ಕಿದ್ದನ್ನು ಟ್ರಸ್ಟ್ ಹಾಕುತ್ತೆ. ಕೋಡ್ ಸ್ಕ್ಯಾನ್ ಮಾಡಿದಾಗ ನಮ್ಮ ಟ್ರಸ್ಟಿನ ಪೂರ್ತಿ ಹೆಸರು ಬರಬೇಕು. ಬೇರೆ ಯಾರದ್ದೇ ಹೆಸರು ಬಂದರೂ ಹಣ ಹಾಕಬೇಡಿ.”

ಅರ್ಧ ನಿಮಿಷವೂ ಹಿಡಿಯದ ಮಾತು. ಜಾಸ್ತಿ ಬಂದರೆ ಏನು, ಕಮ್ಮಿ ಬಂದರೆ ಏನು ಎಂಬ ಎರಡು ಸಾಲನ್ನು ಹೆಚ್ಚಿನವರು ಬಿಡುತ್ತಾರೆ. ಆಮೇಲೆ ಜಗಳ ಬರುವುದು ಅಲ್ಲಿಂದಲೇ. ಕೊನೆಯ ಸಾಲೂ ಮುಖ್ಯ. ನಿಮ್ಮ ವಿಡಿಯೋ ಕತ್ತರಿಸಿ, ಕೋಡ್ ಬದಲಿಸಿ ವಾಟ್ಸಾಪ್‌ನಲ್ಲಿ ಹರಿಬಿಡುವವರು ಇದ್ದಾರೆ. ಯುಪಿಐ ಆ್ಯಪ್‌ನಲ್ಲಿ ಪಿನ್ ಹಾಕುವ ಮುಂಚೆ ಹಣ ಪಡೆಯುವವರ ಹೆಸರು ಬರುತ್ತೆ. ಯಾವ ಹೆಸರು ಬರಬೇಕು ಎಂದು ವಿಡಿಯೋದ ಧ್ವನಿಯಲ್ಲೇ ಇದ್ದರೆ ಕೋಡ್ ಮಾತ್ರ ಬದಲಿಸಿದವರು ಸಿಕ್ಕಿಬೀಳುತ್ತಾರೆ. ಕಾರ್ಯದರ್ಶಿಯ ಸ್ವಂತ ಖಾತೆಯ ಕೋಡ್ ಹಾಕುವ ಚಾಳಿ ಇದ್ದರೆ ಇವತ್ತೇ ನಿಲ್ಲಿಸಿ. ಅವರು ಎಷ್ಟೇ ಒಳ್ಳೆಯವರಾಗಿರಲಿ, ಕಳ್ಳನ ಕೋಡಿಗೂ ಅವರ ಕೋಡಿಗೂ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ದುಡ್ಡು ಕೊಟ್ಟು ಮೆಸೇಜ್ ಹಾಕುವ ಸೂಪರ್ ಚಾಟ್ ಬಗ್ಗೆ ಒಂದು ಮಾತು. ಲೈವ್‌ನಲ್ಲಿ ಜನ ಅದನ್ನೇ ಕಾಣಿಕೆ ಅಂದುಕೊಂಡು ಹಾಕುತ್ತಾರೆ. ಅದರಲ್ಲಿ ನೂರಕ್ಕೆ ಸುಮಾರು 30 ಯೂಟ್ಯೂಬ್‌ಗೆ ಹೋಗುತ್ತೆ. ಮಿಕ್ಕಿದ್ದು ಚಾನೆಲ್‌ನ ಆದಾಯವಾಗಿ ಬರುತ್ತೆ, ಟ್ರಸ್ಟಿನ ರಸೀದಿ ಸಿಗುವುದಿಲ್ಲ. “ಇದು ಹುಂಡಿ ಅಲ್ಲ” ಎಂದು ನಿರೂಪಕರು ಆಗಾಗ ಹೇಳಲಿ, ಅಥವಾ ಅದನ್ನು ಆಫ್ ಮಾಡಿಬಿಡಿ. ನಾನು ಆಫ್ ಮಾಡಿಸಿದ್ದೆ.

ತೆರಿಗೆ ವಿನಾಯಿತಿ: ಬಾಯಿಗೆ ಬಂದಂತೆ ಹೇಳಬಾರದ ಜಾಗ

“ನಿಮ್ಮ ದೇಣಿಗೆಗೆ 80ಜಿ ವಿನಾಯಿತಿ ಇದೆ” ಎಂಬ ಸಾಲು ಎಲ್ಲ ವಿಡಿಯೋದಲ್ಲೂ ಕೇಳುತ್ತೇವೆ. ದೇವಸ್ಥಾನದ ಟ್ರಸ್ಟುಗಳ ಬಾಯಲ್ಲಿ ಅದು ತಪ್ಪಾಗಿರುವ ಸಾಧ್ಯತೆ ಜಾಸ್ತಿ. ಒಂದೇ ಧರ್ಮ ಅಥವಾ ಜಾತಿಯವರ ಅನುಕೂಲಕ್ಕೆ ಎಂದು ಇರುವ ಸಂಸ್ಥೆಗೆ ಆ ಮನ್ನಣೆ ಸಿಗುವುದಿಲ್ಲ. ಐತಿಹಾಸಿಕ ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಕೆಲವು ದೇವಸ್ಥಾನಗಳ ಜೀರ್ಣೋದ್ಧಾರಕ್ಕೆ ಬೇರೆ ದಾರಿ ಇದೆ. ಎಷ್ಟೋ ಕಡೆ ಶಾಲೆ, ಆಸ್ಪತ್ರೆ ನಡೆಸಲು ಒಂದು ಬೇರೆ ಟ್ರಸ್ಟ್ ಇರುತ್ತದೆ, ವಿನಾಯಿತಿ ಇರುವುದು ಅದಕ್ಕೆ. ಹಣ ಬೀಳುವುದು ದೇವಸ್ಥಾನದ ಖಾತೆಗೆ, ವಿನಾಯಿತಿಯ ಮಾತು ಮಾತ್ರ ಆ ಟ್ರಸ್ಟಿನದು. ಇದು ಗೊತ್ತಿಲ್ಲದೆ ಆಗುವ ಸುಳ್ಳು, ಆದರೂ ಸುಳ್ಳೇ.

ವಿನಾಯಿತಿ ನಿಜವಾಗಿ ಇದ್ದರೂ ಪೂರ್ತಿ ಹೇಳಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಇಲ್ಲ. ಅಕ್ಕಿ, ಬಟ್ಟೆಯಂಥ ವಸ್ತುವಿಗೆ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇಲ್ಲ. ಸಾಮಾನ್ಯ ಟ್ರಸ್ಟಿಗೆ ಕೊಟ್ಟದ್ದರಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತೆ, ಅದಕ್ಕೂ ಮೇಲ್ಮಿತಿ ಇದೆ. 10,000 ಕೊಟ್ಟರೆ 5,000 ಆದಾಯದಿಂದ ಕಳೆಯುತ್ತಾರೆ, ತೆರಿಗೆಯಿಂದ ಅಲ್ಲ. ಇದೆಲ್ಲ ವಿಡಿಯೋದಲ್ಲಿ ಹೇಳಲು ಆಗುವುದಿಲ್ಲ ಅಲ್ವಾ? ಹಾಗಾದರೆ “ವಿನಾಯಿತಿ ಕೆಲವರಿಗೆ ಮಾತ್ರ ಸಿಗುತ್ತೆ, ವಿವರ ಡಿಸ್ಕ್ರಿಪ್ಷನ್‌ನಲ್ಲಿದೆ” ಎನ್ನಿ. ಡಿಸ್ಕ್ರಿಪ್ಷನ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಂಥ ಕಡೆ. ಕಾಯ್ದೆ ಹೊಸದಾಗಿ ಬಂದಾಗ ಸೆಕ್ಷನ್ ನಂಬರ್‌ಗಳೂ ಬದಲಾಗುತ್ತವೆ, ಅದಕ್ಕೆ ಆ ಸಾಲನ್ನು ಪ್ರತಿ ವರ್ಷ ಆಡಿಟರ್‌ಗೆ ಒಮ್ಮೆ ತೋರಿಸಿ.

ಹೊರದೇಶದಲ್ಲಿ ನೋಡುವವರು ಇದ್ದರೆ ಇನ್ನೊಂದು ಸಾಲು ಸೇರಿಸಿ. ವಿದೇಶಿ ಪೌರತ್ವ ಪಡೆದವರಿಂದ ದೇಣಿಗೆ ತಗೊಳ್ಳಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ಆ ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಹೊರದೇಶದಲ್ಲಿ ದುಡಿಯುತ್ತಿರುವ, ಭಾರತದ ಪಾಸ್‌ಪೋರ್ಟ್ ಇರುವ ನಮ್ಮವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ನೋಂದಣಿ ಇಲ್ಲದ ಟ್ರಸ್ಟ್ ಪರದೆಯ ಮೇಲೆ ‘ಭಾರತೀಯ ಪೌರರಿಂದ ಮಾತ್ರ’ ಎಂದು ಹಾಕಲಿ.

ಕೊನೆಯ ಕೆಲಸ: ಹಳೇ ವಿಡಿಯೋ

ವಿಡಿಯೋಗೆ ಮುಪ್ಪಿಲ್ಲ. ಬಾಯ್ಲರ್ ಕೂತು ಎರಡು ವರ್ಷವಾದರೂ ಯಾರೋ ಅದನ್ನು ನೋಡಿ 500 ರೂಪಾಯಿ ಹಾಕುತ್ತಲೇ ಇರುತ್ತಾರೆ. ಅದಕ್ಕೆ ಕೋಡ್ ಪಕ್ಕದಲ್ಲಿ ಕೊನೆಯ ದಿನಾಂಕವನ್ನು ಅಚ್ಚು ಹಾಕಿಸಿ. ಮನವಿ ಮುಗಿದ ದಿನ ಪಿನ್ ಮಾಡಿದ ಕಾಮೆಂಟ್ ಬದಲಿಸಿ, ತಲೆಬರಹದಲ್ಲಿ ‘ಮುಗಿದಿದೆ’ ಎಂದು ಸೇರಿಸಿ. ಕೋಡ್ ಕಾಣುವ ಜಾಗವನ್ನು ಯೂಟ್ಯೂಬ್ ಸ್ಟುಡಿಯೋದ Editor ಒಳಗಿನ Blur ಬಳಸಿ ಮಸುಕು ಮಾಡಬಹುದು, ವಿಡಿಯೋ ತೆಗೆದು ಮತ್ತೆ ಹಾಕಬೇಕಿಲ್ಲ. ಒಂದೊಂದು ಮನವಿಗೆ ಒಂದೊಂದು ಯುಪಿಐ ಐಡಿ ಮಾಡಿಸಿಕೊಂಡರೆ ಇನ್ನೂ ಸಲೀಸು. ಮುಗಿದ ಮೇಲೆ ಆ ಐಡಿಯನ್ನೇ ನಿಲ್ಲಿಸಬಹುದು, ಯಾವ ಹಣ ಯಾವುದಕ್ಕೆ ಬಂತು ಎಂದು ಖಜಾಂಚಿಯೂ ತಡಕಾಡಬೇಕಿಲ್ಲ.

ಆಮೇಲೆ ಎರಡು ನಿಮಿಷದ ಲೆಕ್ಕದ ವಿಡಿಯೋ. ಕೇಳಿದವರೇ ಕ್ಯಾಮೆರಾ ಮುಂದೆ ಬಂದು ಹೇಳಬೇಕು, ಬರೀ ಪಟ್ಟಿ ತೋರಿಸಿದರೆ ಯಾರೂ ನೋಡಲ್ಲ. ನಮ್ಮ ಉದಾಹರಣೆಯಲ್ಲಿ ಬಂದದ್ದು 5,31,000 ರೂಪಾಯಿ, ಬಾಯ್ಲರ್‌ಗೆ ಆದದ್ದು 4,66,000 ಎಂದಿಟ್ಟುಕೊಳ್ಳಿ. ಅಡುಗೆ ಮನೆಯಲ್ಲಿ, ಹಬೆ ಬರುತ್ತಿರುವ ಬಾಯ್ಲರ್ ಪಕ್ಕದಲ್ಲೇ ನಿಂತು ಕಾರ್ಯದರ್ಶಿ ಬಿಲ್ ಕೈಯಲ್ಲಿ ಹಿಡಿದು ಹೇಳುತ್ತಾರೆ: “ಕೊಟೇಷನ್‌ಗಿಂತ 14,000 ಕಮ್ಮಿಗೆ ಆಯ್ತು. 65,000 ಉಳಿದಿದೆ. ಮೊದಲೇ ಹೇಳಿದ ಹಾಗೆ ದಿನಸಿಗೆ ಹಾಕಿದ್ದೇವೆ, ಅಂಗಡಿ ಬಿಲ್ ಇಲ್ಲಿದೆ ನೋಡಿ.” ಈ ಲೆಕ್ಕದ ವಿಡಿಯೋದಲ್ಲಿ ಕ್ಯೂಆರ್ ಕೋಡ್ ಹಾಕಬೇಡಿ.